ವಾರ್ಷಿಕ ಶುಲ್ಕದ ಪ್ರಯಾಣ ಸದಸ್ಯತ್ವ: ಯಾವುದು ಯಾರಿಗೆ, ಬಿಟ್ಟಾಗ ಏನೇನು ಕೈತಪ್ಪುತ್ತದೆ

ವಿಮಾನ ಸಂಸ್ಥೆಯ ರಿಯಾಯಿತಿ ಕ್ಲಬ್, ಹೋಟೆಲ್ ಸಮೂಹದ ಸದಸ್ಯತ್ವ, ಬುಕಿಂಗ್ ಕಂಪನಿಯ ಅಥವಾ ವಿಮಾನ ನಿಲ್ದಾಣದ ಲೌಂಜ್ ಜಾಲದ ಟ್ರಾವೆಲ್ ಕ್ಲಬ್. ಈ ಮೂರಕ್ಕೂ ವರ್ಷಕ್ಕೊಮ್ಮೆ ಹಣ ಕಟ್ಟಬೇಕು. ಹೆಚ್ಚಿನವು ನಾವು ಬೇಡ ಎನ್ನುವವರೆಗೂ ತಾವಾಗಿಯೇ ನವೀಕರಣವಾಗುತ್ತ ಹೋಗುತ್ತವೆ. ಸೇರುವಾಗ ಎಲ್ಲರ ಕಣ್ಣು ಹೋಗುವುದು ಸೌಲಭ್ಯಗಳ ಪಟ್ಟಿಯ ಮೇಲೆ. ಆ ಸೌಲಭ್ಯಗಳಲ್ಲಿ ಯಾವುದು ಬಿಟ್ಟ ಮೇಲೂ ಉಳಿಯುತ್ತದೆ, ಯಾವುದು ಅದೇ ರಾತ್ರಿ ಹೋಗುತ್ತದೆ, ಯಾವುದು ಕೆಲವು ತಿಂಗಳ ನಂತರ ಸದ್ದಿಲ್ಲದೆ ಹೋಗುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಹಾಗಾಗಿ ಇಲ್ಲಿ ಹೋಲಿಕೆಯನ್ನು ಬಿಡುವ ಕಡೆಯಿಂದ ಶುರುಮಾಡಿದ್ದೇವೆ. ಬಿಡುವಾಗ ಆಗುವ ನಷ್ಟ ಗೊತ್ತಿದ್ದರೆ ಸೇರುವಾಗ ಕೊಡುವ ಹಣದ ಬೆಲೆಯೂ ಸರಿಯಾಗಿ ತಿಳಿಯುತ್ತದೆ.

ಬಿಡುವುದಕ್ಕೆ ಮೂರು ದಾರಿ, ಮೂರರ ಫಲವೂ ಬೇರೆ

ಮೊದಲನೆಯದು, ಆಟೋ ರಿನ್ಯೂವಲ್ ಅನ್ನು ಮಾತ್ರ ನಿಲ್ಲಿಸುವುದು. ಈ ವರ್ಷದ ಶುಲ್ಕ ಕಟ್ಟಿಯಾಗಿದೆ, ಅವಧಿ ಮುಗಿಯುವ ದಿನದವರೆಗೆ ಸದಸ್ಯತ್ವ ನಡೆಯುತ್ತದೆ, ಮುಂದಿನ ವರ್ಷದ ಹಣ ಮಾತ್ರ ಕಡಿತವಾಗುವುದಿಲ್ಲ. ಬಹುತೇಕರಿಗೆ ಬೇಕಾದದ್ದು ಇಷ್ಟೇ.

ಎರಡನೆಯದು, ಸದಸ್ಯತ್ವವನ್ನು ಇಂದೇ ಕೊನೆಗೊಳಿಸುವುದು. ಹಣ ವಾಪಸ್ ಬರುವ ಅವಕಾಶ ಇದ್ದಾಗ ಮಾತ್ರ ಇದಕ್ಕೆ ಅರ್ಥವಿದೆ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಒಪ್ಪಂದಗಳಿಗೆ ಸಾಮಾನ್ಯವಾಗಿ 14 ದಿನಗಳ ಹಿಂತೆಗೆತದ ಹಕ್ಕು ಇದೆ. ಬೇರೆ ಕಡೆ ಕಂಪನಿಯೇ ಕೆಲವು ದಿನಗಳ ಅವಕಾಶ ಕೊಟ್ಟಿರಬಹುದು. ಆದರೆ ಅಷ್ಟರಲ್ಲಿ ಒಂದು ರಿಯಾಯಿತಿ ಟಿಕೆಟ್ ಬುಕ್ ಮಾಡಿದ್ದರೆ ಅಥವಾ ಒಂದು ವೋಚರ್ ಬಳಸಿದ್ದರೆ ಪೂರ್ತಿ ಹಣ ಸಿಗುವುದು ಕಷ್ಟ. ಬಳಸಿದ ಸೌಲಭ್ಯದ ಮೊತ್ತ ಕಳೆದು ಉಳಿದದ್ದನ್ನು ಕೊಡುತ್ತಾರೆ, ಇಲ್ಲವೇ ರಿಫಂಡ್ ಇಲ್ಲ ಎನ್ನುತ್ತಾರೆ. ವರ್ಷದ ನಡುವೆ, ಆರನೆಯ ತಿಂಗಳಲ್ಲಿ ಈ ದಾರಿ ಹಿಡಿದರೆ ಹಣವೂ ಬರುವುದಿಲ್ಲ, ಉಳಿದ ಆರು ತಿಂಗಳ ಸೌಲಭ್ಯವೂ ಹೋಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಖಾತೆಯನ್ನೇ ಮುಚ್ಚುವುದು. ಹಣ ಕೊಟ್ಟ ಸದಸ್ಯತ್ವ ಸಾಮಾನ್ಯವಾಗಿ ಒಂದು ಉಚಿತ ಲಾಯಲ್ಟಿ ಖಾತೆಯ ಮೇಲೆ ಕೂತಿರುತ್ತದೆ. ಪಾಯಿಂಟ್ಸ್, ಮೈಲ್ಸ್, ತಂಗಿದ ರಾತ್ರಿಗಳ ಲೆಕ್ಕ, ಮುಂದಿನ ಬುಕಿಂಗ್‌ಗಳು ಎಲ್ಲ ಇರುವುದು ಆ ಉಚಿತ ಖಾತೆಯಲ್ಲಿ. ಸೆಟ್ಟಿಂಗ್ಸ್‌ನಲ್ಲಿ ರದ್ದತಿಯ ಆಯ್ಕೆ ಸಿಗದೆ ಬೇಸತ್ತು ಖಾತೆ ಅಳಿಸುವ ಬಟನ್ ಒತ್ತಿದವರ ಪಾಯಿಂಟ್ಸ್ ಕೂಡ ಅದರ ಜೊತೆಗೇ ಹೋಗುತ್ತವೆ. ಶುಲ್ಕದ ಸದಸ್ಯತ್ವ ಬೇಡವಾದರೆ ಅದನ್ನು ಮಾತ್ರ ನಿಲ್ಲಿಸಿ, ಉಚಿತ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳಿ. ಅದಕ್ಕೆ ಖರ್ಚಿಲ್ಲ.

ಪ್ರತಿ ಸೌಲಭ್ಯವೂ ಒಂದು ದಿನಾಂಕವನ್ನು ನೋಡುತ್ತದೆ

ಸೌಲಭ್ಯ ಉಳಿಯುತ್ತದೋ ಹೋಗುತ್ತದೋ ಎಂದು ತಿಳಿಯಲು ಒಂದೇ ಪ್ರಶ್ನೆ ಕೇಳಿದರೆ ಸಾಕು: ಇದನ್ನು ಕೊಡುವ ಮುನ್ನ ಕಂಪನಿಯ ವ್ಯವಸ್ಥೆ ಯಾವ ದಿನದ ಸದಸ್ಯತ್ವವನ್ನು ಪರೀಕ್ಷಿಸುತ್ತದೆ?

ಕೆಲವು ಸೌಲಭ್ಯಗಳಿಗೆ ಹಣ ಕಟ್ಟಿದ ದಿನ ಮುಖ್ಯ. ಅವತ್ತು ನೀವು ಸದಸ್ಯರಾಗಿದ್ದರೆ ರಿಯಾಯಿತಿ ನಿಮ್ಮದು, ಪ್ರಯಾಣದ ಹೊತ್ತಿಗೆ ಸದಸ್ಯತ್ವ ಇರಲಿ ಬಿಡಲಿ. ಕೆಲವಕ್ಕೆ ನೀವು ಕೌಂಟರ್ ಮುಂದೆ ನಿಂತ ದಿನ ಮುಖ್ಯ. ಬುಕ್ ಮಾಡಿದ್ದು ಯಾವಾಗಲಾದರೂ ಆಗಿರಲಿ, ಚೆಕ್-ಇನ್ ದಿನ ಸದಸ್ಯತ್ವ ಮುಗಿದಿದ್ದರೆ ಸೌಲಭ್ಯ ಇಲ್ಲ. ವೋಚರ್‌ಗಳಿಗೆ ಅವುಗಳದ್ದೇ ಕೊನೆಯ ದಿನಾಂಕ ಇರುತ್ತದೆ, ಅದು ಸದಸ್ಯತ್ವದ ಕೊನೆಯ ದಿನವೇ ಆಗಿರಬೇಕೆಂದಿಲ್ಲ. ಪಾಯಿಂಟ್ಸ್‌ಗೆ ಖಾತೆಯಲ್ಲಿ ಕೊನೆಯ ಚಟುವಟಿಕೆ ನಡೆದ ದಿನ ಮುಖ್ಯ. ಈ ನಾಲ್ಕರಲ್ಲಿ ಯಾವುದು ಯಾವುದಕ್ಕೆ ಅನ್ವಯಿಸುತ್ತದೆ ಎಂಬುದು ನಿಯಮಾವಳಿಯಲ್ಲಿ ಇದ್ದೇ ಇರುತ್ತದೆ, ಆದರೆ ಜಾಹೀರಾತಿನ ಪುಟದಲ್ಲಿ ಇರುವುದಿಲ್ಲ. ನಿಯಮಾವಳಿಯನ್ನು ತೆರೆದು "ಬುಕಿಂಗ್ ಸಮಯದಲ್ಲಿ", "ತಂಗುವ ಸಮಯದಲ್ಲಿ", "ಪ್ರಯಾಣದ ದಿನ" ಎಂಬ ಮಾತುಗಳು ಎಲ್ಲೆಲ್ಲಿ ಬಂದಿವೆ ಎಂದು ಹುಡುಕಿ. ಹತ್ತು ನಿಮಿಷದ ಕೆಲಸ.

ಒಂದು ಉದಾಹರಣೆಯನ್ನು ಮೂರೂ ಬಗೆಯ ಸದಸ್ಯತ್ವಕ್ಕೆ ಹಚ್ಚಿ ನೋಡೋಣ. ಸದಸ್ಯತ್ವ ಜೂನ್ 30ಕ್ಕೆ ಮುಗಿಯುತ್ತದೆ. ಆಟೋ ರಿನ್ಯೂವಲ್ ನಿಲ್ಲಿಸಿಯಾಗಿದೆ. ಜೂನ್ 10ರಂದು ಇಬ್ಬರಿಗೆ ಆಗಸ್ಟ್ 5ರ ಪ್ರಯಾಣ ಬುಕ್ ಮಾಡಿದ್ದಾರೆ. ಹಣದ ಲೆಕ್ಕ ಯಾವ ದೇಶದವರಿಗೂ ಹೊಂದಲಿ ಎಂದು ವಿಮಾನ ಕ್ಲಬ್‌ನ ವಾರ್ಷಿಕ ಶುಲ್ಕವನ್ನು 100 ಎಂದು ಇಟ್ಟುಕೊಂಡು, ಮಿಕ್ಕದ್ದನ್ನೆಲ್ಲ ಅದರ ಅಳತೆಯಲ್ಲೇ ಹೇಳಿದ್ದೇವೆ.

ವಿಮಾನ ಸಂಸ್ಥೆಯ ರಿಯಾಯಿತಿ ಕ್ಲಬ್

ವಿಜ್ ಏರ್‌ನ ಡಿಸ್ಕೌಂಟ್ ಕ್ಲಬ್, ಫ್ರಾಂಟಿಯರ್‌ನ ಡಿಸ್ಕೌಂಟ್ ಡೆನ್ ಈ ಬಗೆಯವು. ಕಡಿಮೆ ದರದ ವಿಮಾನ ಸಂಸ್ಥೆಗಳು ಹೆಚ್ಚಾಗಿ ಇದನ್ನು ನಡೆಸುತ್ತವೆ. ಟಿಕೆಟ್ ಮೇಲೆ, ಲಗೇಜ್ ಮೇಲೆ ಸದಸ್ಯರಿಗೆ ಬೇರೆ ದರ ಇರುತ್ತದೆ, ಅದೇ ಬುಕಿಂಗ್‌ನಲ್ಲಿರುವ ಜೊತೆಗಾರರಿಗೂ ಅದು ಸಿಗುತ್ತದೆ.

ಇಲ್ಲಿ ಮುಖ್ಯ ರಿಯಾಯಿತಿ ನೋಡುವುದು ಬುಕಿಂಗ್ ದಿನವನ್ನು. ಜೂನ್ 10ರಂದು ಸದಸ್ಯ ದರದಲ್ಲಿ ತೆಗೆದ ಟಿಕೆಟ್ ಆಗಸ್ಟ್ 5ಕ್ಕೂ ಅದೇ ಟಿಕೆಟ್. ಹಣ ಕಟ್ಟಿ ಟಿಕೆಟ್ ಆದ ಮೇಲೆ ಸದಸ್ಯತ್ವ ಮುಗಿಯಿತು ಎಂಬ ಕಾರಣಕ್ಕೆ ವ್ಯತ್ಯಾಸದ ಹಣ ಕೇಳುವ ಪದ್ಧತಿ ಇಲ್ಲ. ಬಿಡುವ ದೃಷ್ಟಿಯಿಂದ ಮೂರರಲ್ಲಿ ಇದೇ ಸರಳ. ಅವಧಿಯ ಕೊನೆಯ ವಾರದಲ್ಲಿ ಮುಂದಿನ ಹಲವು ತಿಂಗಳ ಟಿಕೆಟ್‌ಗಳನ್ನು ಸದಸ್ಯ ದರದಲ್ಲೇ ತೆಗೆದಿಟ್ಟು ಆಮೇಲೆ ಬಿಡಬಹುದು.

ತೊಂದರೆ ಬರುವುದು ಟಿಕೆಟ್ ಆದ ನಂತರ ಸೇರಿಸುವ ವಸ್ತುಗಳಲ್ಲಿ. ಜುಲೈ 15ರಂದು ಒಂದು ಚೆಕ್-ಇನ್ ಬ್ಯಾಗ್ ಬೇಕೆನಿಸಿತು ಎನ್ನಿ. ಅದು ಹೊಸ ಖರೀದಿ, ಅವತ್ತು ಸದಸ್ಯತ್ವ ಇಲ್ಲ, ಆದ್ದರಿಂದ ಬ್ಯಾಗ್‌ಗೆ ಸಾಮಾನ್ಯ ದರ. ಸೀಟ್ ಆಯ್ಕೆಗೂ ಇದೇ ಮಾತು. ದಿನಾಂಕ ಬದಲಿಸಿದರೆ ಹೊರೆ ಇನ್ನೂ ಹೆಚ್ಚು. ಬದಲಾವಣೆಯ ದಿನ ಹೊಸ ಟಿಕೆಟ್‌ಗೆ ಸಾಮಾನ್ಯ ದರ ಹಾಕಿ, ಹಳೆಯ ಸದಸ್ಯ ದರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಕೇಳುತ್ತಾರೆ. ಬದಲಾವಣೆ ಶುಲ್ಕ ಇದ್ದರೆ ಅದೂ ಸೇರುತ್ತದೆ. ಇಬ್ಬರ ಟಿಕೆಟ್‌ನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಹಣ ಇದೊಂದರಲ್ಲೇ ಹೋಗಬಹುದು. ಇನ್ನೊಂದು ಗಮನಿಸಬೇಕಾದದ್ದು ಜೊತೆಗಾರರ ವಿಷಯ. ರಿಯಾಯಿತಿ ಸಾಮಾನ್ಯವಾಗಿ ಸದಸ್ಯ ಇರುವ ಬುಕಿಂಗ್‌ಗೆ ಮಾತ್ರ. ಸದಸ್ಯ ಬೇರೆ ಟಿಕೆಟ್‌ನಲ್ಲಿ, ಮನೆಯವರು ಬೇರೆ ಟಿಕೆಟ್‌ನಲ್ಲಿ ಹೋದರೆ ಮನೆಯವರಿಗೆ ಏನೂ ಸಿಗುವುದಿಲ್ಲ.

ಹೀಗಾಗಿ ಕ್ರಮ ಹೀಗಿರಲಿ: ಬಿಡಬೇಕೆಂದಿದ್ದರೆ ಬ್ಯಾಗ್, ಸೀಟ್ ಎಲ್ಲವನ್ನೂ ಜೂನ್ 30ರ ಒಳಗೆ ಅದೇ ಬುಕಿಂಗ್‌ಗೆ ಸೇರಿಸಿ ಹಣ ಕಟ್ಟಿ. ದಿನಾಂಕ ಬದಲಾಗುವ ಸಾಧ್ಯತೆ ಇರುವ ಪ್ರಯಾಣವನ್ನು ಕೊನೆಯ ವಾರದ ಬುಕಿಂಗ್‌ಗಳಲ್ಲಿ ಸೇರಿಸಬೇಡಿ.

ಲಾಭ ನಷ್ಟದ ಲೆಕ್ಕ ಕಷ್ಟದ್ದಲ್ಲ. ಒಬ್ಬರ ಒಂದು ಕಡೆಯ ಪ್ರಯಾಣಕ್ಕೆ ಸರಾಸರಿ 8 ಉಳಿಯುತ್ತದೆ ಎಂದಿಟ್ಟುಕೊಂಡರೆ, 100ರ ಶುಲ್ಕ ತುಂಬಲು ಅಂಥ 13 ಬೇಕು. ಇಬ್ಬರು ವರ್ಷಕ್ಕೆ ನಾಲ್ಕು ಸಲ ಹೋಗಿಬಂದರೆ 16 ಆಗುತ್ತದೆ, ಉಳಿತಾಯ 128, ಶುಲ್ಕ ಕಳೆದು ಕೈಯಲ್ಲಿ 28. ಮರುವರ್ಷ ಎರಡೇ ಸಲ ಹೋದರೆ ಉಳಿತಾಯ 64, ಅಂದರೆ 36 ನಷ್ಟ. ಆ 8 ಎಂಬುದು ಕೂಡ ಅದೇ ದಿನ ಅದೇ ವಿಮಾನಕ್ಕೆ ಲಾಗಿನ್ ಆಗದೆ ಕಾಣುವ ದರಕ್ಕೆ ಹೋಲಿಸಿ ಬಂದ ಸಂಖ್ಯೆಯಾಗಿರಬೇಕು. ಬುಕಿಂಗ್ ಪುಟದಲ್ಲಿ "ನೀವು ಉಳಿಸಿದ್ದು" ಎಂದು ತೋರಿಸುವ ಮೊತ್ತವನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಅತಿ ಅಗ್ಗದ ಟಿಕೆಟ್‌ಗಳಿಗೆ ಕೆಲವು ಕ್ಲಬ್‌ಗಳಲ್ಲಿ ರಿಯಾಯಿತಿಯೇ ಇಲ್ಲ, ಒಂದು ಮಟ್ಟಕ್ಕಿಂತ ಮೇಲಿನ ದರಕ್ಕೆ ಮಾತ್ರ ಇರುತ್ತದೆ.

ಬಿಟ್ಟು ಮತ್ತೆ ಸೇರುವವರು ನೋಡಬೇಕಾದ ಇನ್ನೊಂದು ಅಂಶ ಸೇರ್ಪಡೆ ಶುಲ್ಕ. ಡಿಸ್ಕೌಂಟ್ ಡೆನ್‌ಗೆ ಹೊಸದಾಗಿ ಸೇರುವವರು ವಾರ್ಷಿಕ ಶುಲ್ಕದ ಜೊತೆಗೆ ಒಂದು ಸೇರ್ಪಡೆ ಶುಲ್ಕವನ್ನೂ ಕಟ್ಟಬೇಕು. ಇಂಥ ಕ್ಲಬ್‌ನಲ್ಲಿ ಒಂದು ವರ್ಷ ಬಿಟ್ಟು ಮತ್ತೆ ಸೇರುವಾಗ ನಿಮ್ಮನ್ನು ಹೊಸಬರೆಂದೇ ಎಣಿಸುತ್ತಾರೋ ಎಂದು ಕೇಳಿಕೊಳ್ಳಿ. ಸೇರ್ಪಡೆ ಶುಲ್ಕ ಇಲ್ಲದ ಕ್ಲಬ್‌ನಲ್ಲಿ ಪ್ರಯಾಣ ಇರುವ ವರ್ಷ ಮಾತ್ರ ಸೇರಿ, ಇಲ್ಲದ ವರ್ಷ ಬಿಡುವುದರಿಂದ ಏನೂ ನಷ್ಟವಿಲ್ಲ.

ಕಂಪನಿಯೇ ಕ್ಲಬ್ ಮುಚ್ಚುವುದೂ ಉಂಟು. ರಯಾನ್ ಏರ್ 2025ರ ಮಾರ್ಚ್‌ನಲ್ಲಿ ವರ್ಷಕ್ಕೆ 79 ಯೂರೋ ಶುಲ್ಕದ ಪ್ರೈಮ್ ಸದಸ್ಯತ್ವವನ್ನು ಶುರುಮಾಡಿ ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಸೇರ್ಪಡೆ ನಿಲ್ಲಿಸಿತು. ಸುಮಾರು 55,000 ಸದಸ್ಯರಿಂದ 44 ಲಕ್ಷ ಯೂರೋ ಬಂದರೆ, ಅವರಿಗೆ ಕೊಟ್ಟ ಸೌಲಭ್ಯ 60 ಲಕ್ಷ ಯೂರೋ ದಾಟಿತು ಎಂದು ಕಂಪನಿಯೇ ಕಾರಣ ಹೇಳಿತು. ಸೇರಿದ್ದವರಿಗೆ ಅವರ 12 ತಿಂಗಳ ಅವಧಿಯನ್ನು ಉಳಿಸಿಕೊಟ್ಟರು. ವಾರ್ಷಿಕ ಸದಸ್ಯತ್ವದಲ್ಲಿ ನಿಮಗೆ ಖಾತರಿ ಇರುವುದು ಕಟ್ಟಿದ ವರ್ಷಕ್ಕೆ ಮಾತ್ರ. ಮೂರು ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಕೊಡುಗೆ ಬಂದಾಗ ಇದನ್ನು ನೆನಪಿಡಬೇಕು.

ಹೋಟೆಲ್ ಸದಸ್ಯತ್ವ

ಇಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ಒಂದೇ ಶುಲ್ಕದಲ್ಲಿ ನಾಲ್ಕೂ ಬಗೆಯ ಸೌಲಭ್ಯಗಳು ಸೇರಿರುತ್ತವೆ.

ಇಂಟರ್‌ಕಾಂಟಿನೆಂಟಲ್ ಅಂಬಾಸಡರ್ ಇದಕ್ಕೆ ಒಳ್ಳೆಯ ಮಾದರಿ. ಐಎಚ್‌ಜಿ ಸಮೂಹದ ಇಂಟರ್‌ಕಾಂಟಿನೆಂಟಲ್ ಹೋಟೆಲ್‌ಗಳಿಗಾಗಿ ಇರುವ, 12 ತಿಂಗಳ ಅವಧಿಯ, ಹಣ ಕೊಟ್ಟು ಪಡೆಯುವ ಸದಸ್ಯತ್ವ ಇದು. ಒಂದು ದರ್ಜೆ ಮೇಲಿನ ಕೋಣೆ, ಸಂಜೆ 4 ಗಂಟೆಯವರೆಗೆ ಚೆಕ್-ಔಟ್, ವಾರಾಂತ್ಯದಲ್ಲಿ ಒಂದು ರಾತ್ರಿಗೆ ಹಣ ಕೊಟ್ಟರೆ ಇನ್ನೊಂದು ರಾತ್ರಿ ಉಚಿತವಾಗುವ ಸರ್ಟಿಫಿಕೇಟ್, ಜೊತೆಗೆ ಸಮೂಹದ ಉಚಿತ ಲಾಯಲ್ಟಿ ಖಾತೆಯಾದ ಐಎಚ್‌ಜಿ ಒನ್ ರಿವಾರ್ಡ್ಸ್‌ನಲ್ಲಿ ಪ್ಲಾಟಿನಂ ಎಲೀಟ್ ದರ್ಜೆ ಇದರ ಮುಖ್ಯ ಸೌಲಭ್ಯಗಳು.

ಈಗ ನಮ್ಮ ಉದಾಹರಣೆ. ಜೂನ್ 10ರಂದು ಆಗಸ್ಟ್ 5ಕ್ಕೆ ಕೋಣೆ ಬುಕ್ ಆಗಿದೆ, ಸದಸ್ಯತ್ವ ಜೂನ್ 30ಕ್ಕೆ ಮುಗಿದಿದೆ. ಕೋಣೆಯ ದರ ಬುಕಿಂಗ್ ದಿನದ್ದೇ, ಮುಂಗಡ ಹಣ ಕಟ್ಟಿದ್ದರೆ ಅದು ಬದಲಾಗುವ ಸಾಧ್ಯತೆ ತೀರ ಕಡಿಮೆ. ಆದರೆ ಕೋಣೆಯ ಅಪ್‌ಗ್ರೇಡ್, ತಡವಾದ ಚೆಕ್-ಔಟ್ ಇವೆರಡೂ ಹೋಟೆಲ್‌ನ ಕೌಂಟರ್‌ನಲ್ಲಿ ಕೈಗೆ ಬರುವ ಸೌಲಭ್ಯಗಳು. ಆಗಮನದ ಪಟ್ಟಿ ತೆಗೆದಾಗ ನಿಮ್ಮ ಹೆಸರಿನ ಮುಂದೆ ಅವತ್ತಿನ ದರ್ಜೆ ಕಾಣುತ್ತದೆ, ಬುಕ್ ಮಾಡಿದ ದಿನದ ದರ್ಜೆ ಕಾಣುವುದಿಲ್ಲ. ದೃಢೀಕರಣ ಪತ್ರದಲ್ಲಿ ಹಳೆಯ ದರ್ಜೆ ಮುದ್ರಿತವಾಗಿದ್ದರೂ ಅದನ್ನು ಹಿಡಿದು ವಾದ ಮಾಡುವುದರಲ್ಲಿ ಪ್ರಯೋಜನವಿಲ್ಲ. ಆಗಸ್ಟ್ 5ರ ತಂಗುವಿಕೆಗಾಗಿಯೇ ಆ ಸೌಲಭ್ಯ ಬೇಕಿದ್ದರೆ ಸದಸ್ಯತ್ವವನ್ನು ಇನ್ನೊಂದು ವರ್ಷ ಮುಂದುವರಿಸಬೇಕು. ಬೇಡವೆಂದರೆ ತಂಗುವ ದಿನವನ್ನು ಜೂನ್ 30ರ ಒಳಗೆ ತರಬೇಕು.

ಉಚಿತ ರಾತ್ರಿಯ ಸರ್ಟಿಫಿಕೇಟ್ ಅಥವಾ ವೋಚರ್ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. ಅದರ ಮೇಲಿನ ಕೊನೆಯ ದಿನಾಂಕ ಬುಕ್ ಮಾಡುವುದಕ್ಕೋ, ತಂಗುವುದಕ್ಕೋ ಎಂದು ನೋಡಿ. ಬಹಳ ಕಡೆ ತಂಗಿ ಮುಗಿಸಬೇಕಾದ ದಿನವೇ ಅದು. ಜೂನ್ 29ರಂದು ಫೋನ್ ಮಾಡಿ ಆಗಸ್ಟ್‌ಗೆ ಬಳಸುತ್ತೇನೆ ಎಂದರೆ ಆಗುವುದಿಲ್ಲ. ಅದಕ್ಕೆ ಮೀಸಲಾದ ಕೋಣೆಗಳು ಸೀಮಿತವಾಗಿರುವುದರಿಂದ ಕೊನೆಯ ಎರಡು ವಾರ ಪ್ರಯತ್ನಿಸಿದವರಿಗೆ ಬೇಕಾದ ವಾರಾಂತ್ಯ ಸಿಗುವುದೂ ಕಷ್ಟ. ಇನ್ನು ವರ್ಷದ ನಡುವೆ ಸದಸ್ಯತ್ವವನ್ನು ಪೂರ್ತಿ ಕೊನೆಗೊಳಿಸಿದರೆ ಬಳಸದ ವೋಚರ್‌ಗಳು ಅವುಗಳ ದಿನಾಂಕ ಇನ್ನೂ ದೂರವಿದ್ದರೂ ಅಮಾನ್ಯವಾಗುವುದು ಸಾಮಾನ್ಯ.

ಆ ಉಚಿತ ರಾತ್ರಿಯ ನಿಜವಾದ ಬೆಲೆ ಎಷ್ಟು? ಸರ್ಟಿಫಿಕೇಟ್ ಬಳಸಲು ಮೊದಲ ರಾತ್ರಿಗೆ ನಿಗದಿತ ದರವನ್ನೇ ಕೊಡಬೇಕು, ಅದು ಸಾಮಾನ್ಯವಾಗಿ ರಿಯಾಯಿತಿಯಿಲ್ಲದ ದರ. ಅದು 240 ಇದೆ ಎನ್ನಿ. ಅದೇ ಕೋಣೆ ಮುಂಗಡ ಪಾವತಿಯ ರಿಯಾಯಿತಿಯಲ್ಲಿ ರಾತ್ರಿಗೆ 190ಕ್ಕೆ ಸಿಗುತ್ತಿದ್ದರೆ, ಎರಡು ರಾತ್ರಿಗೆ ನೀವು ಕೊಡುತ್ತಿದ್ದದ್ದು 380. ಸರ್ಟಿಫಿಕೇಟ್‌ನಿಂದ ಕೊಟ್ಟದ್ದು 240. ಉಳಿದದ್ದು 140. ಜಾಹೀರಾತು ಹೇಳುವ 240 ಅಲ್ಲ. ಎರಡನೆಯ ರಾತ್ರಿ ನಿಮಗೆ ಬೇಕೇ ಇರಲಿಲ್ಲ, ಉಚಿತ ಎಂದು ಉಳಿದುಕೊಂಡಿರಿ ಎಂದಾದರೆ, ಒಂದು ರಾತ್ರಿಗೆ 190 ಕೊಡುವ ಜಾಗದಲ್ಲಿ 240 ಕೊಟ್ಟಿದ್ದೀರಿ. ಆಗ ಉಳಿತಾಯವೇ ಇಲ್ಲ, 50 ಹೆಚ್ಚಿಗೆ ಹೋಗಿದೆ. ನವೀಕರಣ ಮಾಡಬೇಕೋ ಬೇಡವೋ ಎಂದು ಯೋಚಿಸುವಾಗ ಕಳೆದ ವರ್ಷದ ಬಿಲ್ ತೆಗೆದು ಈ ಲೆಕ್ಕ ಹಾಕಿ.

ಇನ್ನು ಯಾರ ಗಮನಕ್ಕೂ ಬಾರದ ನಷ್ಟ. ಐಎಚ್‌ಜಿ ಖಾತೆಯಲ್ಲಿ ಎಲೀಟ್ ದರ್ಜೆ ಇರುವವರೆಗೆ ಪಾಯಿಂಟ್ಸ್ ಅವಧಿ ಮೀರುವುದಿಲ್ಲ. ದರ್ಜೆ ಇಲ್ಲದ ಸಾಮಾನ್ಯ ಸದಸ್ಯರ ಪಾಯಿಂಟ್ಸ್ 12 ತಿಂಗಳು ಯಾವ ಚಟುವಟಿಕೆಯೂ ಇಲ್ಲದಿದ್ದರೆ ರದ್ದಾಗುತ್ತವೆ. ಈಗ ಎರಡನ್ನೂ ಜೋಡಿಸಿ ನೋಡಿ. ನಿಮ್ಮ ಪ್ಲಾಟಿನಂ ದರ್ಜೆ ಬಂದಿದ್ದು ಅಂಬಾಸಡರ್ ಶುಲ್ಕದಿಂದ, ತಂಗಿದ ರಾತ್ರಿಗಳಿಂದ ಅಲ್ಲ. ಶುಲ್ಕ ನಿಂತಾಗ ಅದರಿಂದ ಬಂದ ದರ್ಜೆಯೂ ಹೋಗುತ್ತದೆ, ದರ್ಜೆಯ ಜೊತೆಗೆ ಪಾಯಿಂಟ್ಸ್‌ಗೆ ಇದ್ದ ರಕ್ಷಣೆಯೂ ಹೋಗುತ್ತದೆ. ಬಿಟ್ಟ ದಿನ ಖಾತೆಯಲ್ಲಿ ಪಾಯಿಂಟ್ಸ್ ಹಾಗೆಯೇ ಕಾಣುತ್ತವೆ. ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ವರ್ಷಗಟ್ಟಲೆ ಏನೂ ಮಾಡದ ಖಾತೆಯಾಗಿದ್ದರೆ ಆಮೇಲೊಂದು ದಿನ ಲಾಗಿನ್ ಆದಾಗ ಸೊನ್ನೆ. ನಿಮ್ಮ ದರ್ಜೆ ತಂಗಿದ ರಾತ್ರಿಗಳಿಂದ ಗಳಿಸಿದ್ದಾದರೆ ಈ ಭಯವಿಲ್ಲ, ಅದು ಅದರದೇ ಅವಧಿಯವರೆಗೆ ಉಳಿಯುತ್ತದೆ. ಆದ್ದರಿಂದ ಬಿಡುವ ಮುನ್ನ ಖಾತೆಯ ಪುಟದಲ್ಲಿ ದರ್ಜೆ ಯಾವುದರಿಂದ ಬಂದಿದೆ, ಎಂದಿನವರೆಗೆ ಇದೆ ಎಂದು ನೋಡಿ ಬರೆದುಕೊಳ್ಳಿ.

ಎಲ್ಲ ಸಮೂಹಗಳಲ್ಲೂ ಹೀಗೆಯೇ ಇಲ್ಲ. ಮ್ಯಾರಿಯಟ್ ಬಾನ್‌ವಾಯ್‌ನಲ್ಲಿ, ಅಮೆರಿಕನ್ ಏರ್‌ಲೈನ್ಸ್‌ನ ಎಅಡ್ವಾಂಟೇಜ್‌ನಲ್ಲಿ 24 ತಿಂಗಳ ನಿಷ್ಕ್ರಿಯತೆಯ ನಿಯಮ ಇದೆ. ಡೆಲ್ಟಾ ವಿಮಾನ ಸಂಸ್ಥೆಯ ಮೈಲ್ಸ್‌ಗೆ ಅವಧಿಯೇ ಇಲ್ಲ. ಅವಧಿ ಇರುವ ಕಡೆ ಅದನ್ನು ಮುಂದಕ್ಕೆ ಹಾಕಲು ದೊಡ್ಡ ಪ್ರಯಾಣ ಬೇಕಿಲ್ಲ, ಪಾಲುದಾರ ಕಂಪನಿಯಲ್ಲಿ ಒಂದು ಸಣ್ಣ ಖರೀದಿಯಿಂದ ಬಂದ ಪಾಯಿಂಟ್ಸ್ ಕೂಡ ಸಾಮಾನ್ಯವಾಗಿ ಚಟುವಟಿಕೆ ಎಂದೇ ಎಣಿಕೆಯಾಗುತ್ತದೆ.

ಊಟದ ರಿಯಾಯಿತಿಯನ್ನೇ ಮುಖ್ಯವಾಗಿಟ್ಟುಕೊಂಡ ಹೋಟೆಲ್ ಸದಸ್ಯತ್ವಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಲ್ ಆಗುವ ಕ್ಷಣದಲ್ಲಿ ಕಾರ್ಡ್ ಚಾಲ್ತಿಯಲ್ಲಿರಬೇಕು, ಅಷ್ಟೇ. ಹೋಟೆಲ್ ನಿಮ್ಮ ಹತ್ತಿರವಿದ್ದು ತಿಂಗಳಿಗೊಮ್ಮೆಯಾದರೂ ಹೋಗುವವರಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಟ್ರಾವೆಲ್ ಕ್ಲಬ್ ಮತ್ತು ಲೌಂಜ್ ಸದಸ್ಯತ್ವ

ಬುಕಿಂಗ್ ಕಂಪನಿಗಳ ಕ್ಲಬ್‌ಗಳು, ಉದಾಹರಣೆಗೆ ಈಡ್ರೀಮ್ಸ್ ಪ್ರೈಮ್, ವಿಮಾನ ಮತ್ತು ಹೋಟೆಲ್ ಎರಡಕ್ಕೂ ಸದಸ್ಯ ದರ ತೋರಿಸುತ್ತವೆ. ಉಚಿತ ಪ್ರಯೋಗದ ಅವಧಿ ಕೊಟ್ಟು, ಅದು ಮುಗಿದ ಕೂಡಲೇ ವರ್ಷದ ಶುಲ್ಕ ಕಡಿತ ಮಾಡುವುದು ಇಲ್ಲಿ ರೂಢಿ. ಬುಕಿಂಗ್ ಮಾಡುವ ಆತುರದಲ್ಲಿ ಎರಡು ದರಗಳಲ್ಲಿ ಕಡಿಮೆಯದನ್ನು ಒತ್ತಿದಾಗಲೇ ಪ್ರಯೋಗ ಶುರುವಾಗಿರುತ್ತದೆ. ಆಮೇಲೆ ಕಾರ್ಡ್‌ನಲ್ಲಿ ಶುಲ್ಕ ಕಂಡಾಗ ಸೇರಿದ್ದೇ ನೆನಪಿರುವುದಿಲ್ಲ.

ನಮ್ಮ ಉದಾಹರಣೆಯ ಆಗಸ್ಟ್ 5ರ ಬುಕಿಂಗ್ ಇಲ್ಲಿಯೂ ನಿಲ್ಲುತ್ತದೆ, ಏಕೆಂದರೆ ಟಿಕೆಟ್ ಇರುವುದು ವಿಮಾನ ಸಂಸ್ಥೆಯಲ್ಲಿ, ಕೋಣೆ ಇರುವುದು ಹೋಟೆಲ್‌ನಲ್ಲಿ. ಹೋಗುವುದು ನಡುವಿನ ಕಂಪನಿಯ ಸೇವೆ: ಸದಸ್ಯರಿಗಿದ್ದ ಪ್ರತ್ಯೇಕ ಫೋನ್ ಸಾಲು, ಸದಸ್ಯರಿಗೆ ಮಾತ್ರ ಕೊಟ್ಟಿದ್ದ ರದ್ದತಿ ಅನುಕೂಲಗಳು, ಖಾತೆಯ ವಾಲೆಟ್‌ನಲ್ಲಿ ಉಳಿದ ಸದಸ್ಯ ಕ್ರೆಡಿಟ್. ಈ ಕ್ರೆಡಿಟ್ ಬಗ್ಗೆ ಬಿಡುವ ಮುನ್ನವೇ ನೋಡಿ. ರಿಫಂಡ್ ಆಗಿ ಬಂದ ನಿಮ್ಮದೇ ಹಣ ಒಂದು, ಪ್ರಚಾರಕ್ಕೆಂದು ಕೊಟ್ಟ ಕ್ರೆಡಿಟ್ ಇನ್ನೊಂದು. ಮೊದಲನೆಯದನ್ನು ಕಾರ್ಡ್‌ಗೆ ವಾಪಸ್ ಕೇಳಬಹುದು, ಎರಡನೆಯದು ಸದಸ್ಯತ್ವದ ಜೊತೆಗೇ ಮುಗಿಯುವುದು ಹೆಚ್ಚು.

ಲೌಂಜ್ ಸದಸ್ಯತ್ವ ನೋಡುವುದು ಬಾಗಿಲಲ್ಲಿ ಕಾರ್ಡ್ ಉಜ್ಜಿದ ದಿನವನ್ನು ಮಾತ್ರ. ಪ್ರಯಾರಿಟಿ ಪಾಸ್‌ನ ಸ್ಟ್ಯಾಂಡರ್ಡ್ ಪ್ಲಸ್‌ನಲ್ಲಿ ವರ್ಷಕ್ಕೆ 10 ಉಚಿತ ಭೇಟಿಗಳಿವೆ. ಆರು ಬಳಸಿ ನಾಲ್ಕು ಉಳಿದರೆ ಮುಂದಿನ ವರ್ಷಕ್ಕೆ ಸೇರುವುದಿಲ್ಲ, ನವೀಕರಣ ಮಾಡಿದರೂ ಮತ್ತೆ 10ರಿಂದಲೇ ಶುರು. ಹಾಗಾಗಿ ಕಳೆದ ವರ್ಷ ನಿಜವಾಗಿ ಎಷ್ಟು ಸಲ ಒಳಹೋದಿರಿ ಎಂಬುದೊಂದೇ ಇಲ್ಲಿನ ಲೆಕ್ಕ. ಶುಲ್ಕವನ್ನು ಆ ಸಂಖ್ಯೆಯಿಂದ ಭಾಗಿಸಿ, ಬಿಡಿ ಪ್ರವೇಶದ ದರಕ್ಕೆ ಹೋಲಿಸಿ. ನಿಮ್ಮ ಕ್ರೆಡಿಟ್ ಕಾರ್ಡ್ ಅದೇ ಸೌಲಭ್ಯವನ್ನು ಕೊಡುತ್ತಿದೆಯೋ ಎಂದೂ ಒಮ್ಮೆ ನೋಡಿ, ಎರಡು ಕಡೆ ಹಣ ಕಟ್ಟುತ್ತಿರುವವರು ಕಡಿಮೆಯಿಲ್ಲ.

ಹಾಗಾದರೆ ಯಾವುದು ಯಾರಿಗೆ

ಒಂದೇ ವಿಮಾನ ಸಂಸ್ಥೆಯಲ್ಲಿ, ಮನೆಮಂದಿಯೊಂದಿಗೆ ಒಂದೇ ಟಿಕೆಟ್‌ನಲ್ಲಿ ಹೋಗುವವರಿಗೆ ವಿಮಾನ ಕ್ಲಬ್ ಸರಿ. ಲಾಭ ಬೇಗ ಕಾಣುತ್ತದೆ, ಬಿಡುವಾಗ ಕಳೆದುಕೊಳ್ಳುವುದು ಕಡಿಮೆ. ಮೊದಲ ಬಾರಿ ಶುಲ್ಕದ ಸದಸ್ಯತ್ವ ತೆಗೆದುಕೊಳ್ಳುವವರಿಗೆ ನಾವು ಹೇಳುವುದು ಇದನ್ನೇ.

ಹೋಟೆಲ್ ಸದಸ್ಯತ್ವ ವರ್ಷದಲ್ಲಿ ಕನಿಷ್ಠ ಎರಡು ಸಲ ಅದೇ ಸಮೂಹದಲ್ಲಿ ತಂಗುವುದು ಖಚಿತವಾಗಿರುವವರಿಗೆ ಮಾತ್ರ, ಅದೂ ಸೇರುವ ದಿನವನ್ನು ನೋಡಿಕೊಂಡು. ಮೊದಲ ತಂಗುವಿಕೆಗೆ ಸ್ವಲ್ಪ ಮುಂಚೆ ಸೇರಿ, ಆರು ತಿಂಗಳು ಮೊದಲೇ ಸೇರಬೇಡಿ. ಮಾರ್ಚ್‌ನಲ್ಲಿ ಒಂದು, ಮರುವರ್ಷ ಫೆಬ್ರವರಿಯಲ್ಲಿ ಒಂದು ಪ್ರವಾಸ ಇದ್ದರೆ ಮಾರ್ಚ್ ಆರಂಭದಲ್ಲಿ ಸೇರಿದರೆ ಎರಡೂ ಒಂದೇ ಶುಲ್ಕದೊಳಗೆ ಬರುತ್ತವೆ. ಜನವರಿಯಲ್ಲಿ ಸೇರಿದರೆ ಎರಡನೆಯದಕ್ಕೆ ಇನ್ನೊಂದು ಶುಲ್ಕ.

ಬುಕಿಂಗ್ ಕಂಪನಿಯ ಕ್ಲಬ್ ಅನ್ನು ಕೊನೆಗೆ ಇಡುತ್ತೇವೆ. ತೋರಿಸುವ ರಿಯಾಯಿತಿ ಯಾವ ದರದ ಮೇಲೆ ಎಂದು ಖಚಿತಪಡಿಸಿಕೊಳ್ಳುವುದು ಕಷ್ಟ, ಪ್ರತಿ ಸಲವೂ ವಿಮಾನ ಸಂಸ್ಥೆಯ ಅಥವಾ ಹೋಟೆಲ್‌ನ ಸ್ವಂತ ತಾಣದ ದರದೊಂದಿಗೆ ಹೋಲಿಸಬೇಕು. ಜೊತೆಗೆ ಮೂರನೆಯ ಕಂಪನಿಯ ಮೂಲಕ ಮಾಡಿದ ಹೋಟೆಲ್ ಬುಕಿಂಗ್‌ಗೆ ಹೋಟೆಲ್ ಸಮೂಹದ ಪಾಯಿಂಟ್ಸ್ ಸಾಮಾನ್ಯವಾಗಿ ಬರುವುದಿಲ್ಲ, ಎಲೀಟ್ ಸೌಲಭ್ಯವೂ ಸಿಗದೆ ಹೋಗಬಹುದು. ಹೋಟೆಲ್ ಸದಸ್ಯತ್ವವನ್ನೂ ಈ ಕ್ಲಬ್ ಅನ್ನೂ ಒಟ್ಟಿಗೆ ಇಟ್ಟುಕೊಂಡವರು ಒಂದರ ಲಾಭವನ್ನು ಇನ್ನೊಂದರಿಂದ ಕಳೆದುಕೊಳ್ಳುತ್ತಾರೆ.

ಬಿಡುವ ಕ್ರಮ

ಅವಧಿ ಮುಗಿಯುವುದಕ್ಕೆ ಎರಡು ತಿಂಗಳು ಇರುವಾಗ ಶುರುಮಾಡಿ. ಖಾತೆಯ ಪುಟದಲ್ಲಿ ಎರಡು ದಿನಾಂಕ ನೋಡಿಕೊಳ್ಳಿ: ಸದಸ್ಯತ್ವ ಮುಗಿಯುವ ದಿನ, ಶುಲ್ಕ ಕಡಿತವಾಗುವ ದಿನ. ಇವೆರಡೂ ಒಂದೇ ಎಂದುಕೊಂಡರೆ ತಪ್ಪಾಗಬಹುದು. ಕೆಲವರು ಮುಗಿಯುವುದಕ್ಕೆ ಮುಂಚೆಯೇ ಹಣ ತೆಗೆಯುತ್ತಾರೆ, ರದ್ದತಿಯನ್ನು ಇಷ್ಟು ದಿನ ಮೊದಲು ತಿಳಿಸಬೇಕು ಎಂಬ ಷರತ್ತೂ ಇರಬಹುದು. ವೋಚರ್‌ಗಳನ್ನು ಈ ಎರಡು ತಿಂಗಳಲ್ಲಿ ಬಳಸಿ ಮುಗಿಸಿ. ಪಾಯಿಂಟ್ಸ್ ಮೊತ್ತ, ದರ್ಜೆ, ಮುಂದಿನ ಬುಕಿಂಗ್‌ಗಳು ಇರುವ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡಿ.

ಆಮೇಲೆ ಆಟೋ ರಿನ್ಯೂವಲ್ ನಿಲ್ಲಿಸಿ. ಸೇರಿದ್ದು ಫೋನ್‌ನ ಆಪ್ ಸ್ಟೋರ್ ಮೂಲಕವಾದರೆ ಅಲ್ಲಿಯೇ, ವೆಬ್‌ಸೈಟ್ ಮೂಲಕವಾದರೆ ವೆಬ್‌ಸೈಟ್‌ನಲ್ಲೇ ನಿಲ್ಲಿಸಬೇಕು. ಆಪ್ ಅಳಿಸಿದ ಮಾತ್ರಕ್ಕೆ ಏನೂ ನಿಲ್ಲುವುದಿಲ್ಲ. ಹಾಗೆಯೇ ಕಾರ್ಡ್ ಅವಧಿ ಮುಗಿಯುತ್ತದೆ, ಹಣ ತಾನಾಗಿ ನಿಲ್ಲುತ್ತದೆ ಎಂದು ಕಾಯಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಹೊಸ ಕಾರ್ಡ್‌ನ ವಿವರವನ್ನು ವ್ಯಾಪಾರಿಗೆ ತಾನಾಗಿಯೇ ತಲುಪಿಸುವ ವ್ಯವಸ್ಥೆ ಇದೆ. ನಿಮ್ಮ ಬ್ಯಾಂಕ್ ಅದರಲ್ಲಿ ಸೇರಿದ್ದರೆ ಹೊಸ ಕಾರ್ಡ್‌ನಿಂದಲೂ ಶುಲ್ಕ ಹೋಗುತ್ತದೆ. ಬ್ಯಾಂಕ್‌ಗೆ ಹೇಳಿ ಪಾವತಿಯನ್ನು ತಡೆಯುವುದು ಅಥವಾ ಹಣ ವಾಪಸ್‌ಗೆ ತಕರಾರು ಹಾಕುವುದು ಕೊನೆಯ ದಾರಿ. ಕಂಪನಿಯೊಂದಿಗೆ ನಿಮ್ಮ ಒಪ್ಪಂದ ಅದರಿಂದ ಮುಗಿಯುವುದಿಲ್ಲ, ಕಂಪನಿ ಖಾತೆಯನ್ನು ತಡೆಹಿಡಿದರೆ ಒಳಗಿರುವ ಪಾಯಿಂಟ್ಸ್ ಕೂಡ ಸಿಕ್ಕಿಹಾಕಿಕೊಳ್ಳುತ್ತವೆ.

ನಿಲ್ಲಿಸುವಾಗ ನಡುವೆ ಹಲವು ಪುಟಗಳು ಬರುತ್ತವೆ: ಅರ್ಧ ಶುಲ್ಕದ ಕೊಡುಗೆ, ಕೆಲ ತಿಂಗಳು ತಡೆಹಿಡಿಯುವ ಆಯ್ಕೆ, ಕಳೆದುಕೊಳ್ಳುವ ಸೌಲಭ್ಯಗಳ ಪಟ್ಟಿ. ಅರ್ಧ ಶುಲ್ಕ ನಿಮ್ಮ ಲೆಕ್ಕಕ್ಕೆ ಹೊಂದಿದರೆ ತೆಗೆದುಕೊಳ್ಳಿ, ಆದರೆ ಅದು ಒಂದೇ ವರ್ಷಕ್ಕೋ, ಮರುವರ್ಷ ಪೂರ್ತಿ ದರಕ್ಕೆ ತಾನಾಗಿ ನವೀಕರಣವಾಗುತ್ತದೋ ಎಂದು ಓದಿ. ಕೊನೆಯ ಪುಟದವರೆಗೂ ಹೋಗದೆ ನಡುವೆ ನಿಲ್ಲಿಸಿದರೆ ರದ್ದತಿ ಆಗಿರುವುದಿಲ್ಲ. ಆಯಿತು ಎನ್ನಲು ಗುರುತು ಎರಡು: ಖಾತೆಯ ಪುಟದಲ್ಲಿ ನವೀಕರಣದ ದಿನಾಂಕದ ಜಾಗದಲ್ಲಿ ಮುಗಿಯುವ ದಿನಾಂಕ ಕಾಣಬೇಕು, ಮತ್ತು ದೃಢೀಕರಣದ ಇಮೇಲ್ ಬರಬೇಕು. ಒಂದು ದಿನದೊಳಗೆ ಇಮೇಲ್ ಬಾರದಿದ್ದರೆ ಗ್ರಾಹಕ ಸೇವೆಗೆ ಬರಹದಲ್ಲಿ ತಿಳಿಸಿ. ಆ ಬರಹದಲ್ಲಿ ಸದಸ್ಯತ್ವ ಸಂಖ್ಯೆ, ನವೀಕರಣ ಬೇಡ ಎಂಬ ಮಾತು, ಉಚಿತ ಖಾತೆಯನ್ನು ಮುಚ್ಚಬಾರದು ಎಂಬ ಮಾತು, ಈ ಮೂರೂ ಇರಲಿ. ಶುಲ್ಕ ಕಡಿತವಾಗಬೇಕಿದ್ದ ದಿನ ಕಳೆದ ಮೇಲೆ ಕಾರ್ಡ್‌ನ ವಿವರಪಟ್ಟಿಯನ್ನು ಒಮ್ಮೆ ನೋಡಿ. ಹಣ ಹೋಗಿದ್ದರೆ ಅದೇ ವಾರ, ಹೊಸ ಅವಧಿಯ ಯಾವ ರಿಯಾಯಿತಿಯನ್ನೂ ಮುಟ್ಟದೆ, ಆ ಇಮೇಲ್ ಲಗತ್ತಿಸಿ ರಿಫಂಡ್ ಕೇಳಿ.